ಸೆಫಾಕ್ಸಿಟಿನ್ ಡಿಸ್ಕ್ ತಪ್ಪು ಹೇಳಿದಾಗ: ಎಂಆರ್‌ಎಸ್‌ಎ ಪತ್ತೆಯಲ್ಲಿ ದೋಷ ಹುಡುಕುವ ಬಗೆ

ಸ್ಟ್ಯಾಫಿಲೊಕಾಕಸ್ ಆರಿಯಸ್ ಮೆಥಿಸಿಲಿನ್‌ಗೆ ಬಗ್ಗುತ್ತದೆಯೋ ಇಲ್ಲವೋ ಎಂದು ನೋಡಲು ಇಂದು ಯಾರೂ ಮೆಥಿಸಿಲಿನ್ ಡಿಸ್ಕ್ ಇಡುವುದಿಲ್ಲ. ಆಕ್ಸಾಸಿಲಿನ್ ಡಿಸ್ಕ್ ಕೂಡ ಈ ಕೆಲಸದಿಂದ ಹಿಂದೆ ಸರಿದಿದೆ. ಇಡುವುದು 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಡಿಸ್ಕ್. ಡಿಸ್ಕಿನ ಸುತ್ತ ಬೆಳವಣಿಗೆ ಇಲ್ಲದ ವೃತ್ತ, ಅಂದರೆ ಝೋನ್, 22 ಮಿಮೀ ಅಥವಾ ಹೆಚ್ಚು ಬಂದರೆ ಸೆನ್ಸಿಟಿವ್, 21 ಅಥವಾ ಕಡಿಮೆ ಬಂದರೆ ಮೆಥಿಸಿಲಿನ್‌ಗೆ ಬಗ್ಗದ ಆರಿಯಸ್, ಅಂದರೆ ಎಂಆರ್‌ಎಸ್‌ಎ. ಇಂಥ ಪರೀಕ್ಷೆಗಳ ಮಾನಕ ರೂಪಿಸುವ ಸಿಎಲ್‌ಎಸ್‌ಐ, ಯುಕಾಸ್ಟ್ ಸಂಸ್ಥೆಗಳೆರಡರಲ್ಲೂ ಗಡಿ ಇದೇ. ಮಧ್ಯದಲ್ಲಿ 'ಇಂಟರ್‌ಮೀಡಿಯೆಟ್' ಎಂಬ ತಂಗುದಾಣವಿಲ್ಲ, ಹಾಗಾಗಿ ಒಂದು ಮಿಲಿಮೀಟರ್ ಆಚೀಚೆಯಾದರೆ ರೋಗಿಗೆ ಕೊಡುವ ಔಷಧಿಯೇ ಬದಲಾಗುತ್ತದೆ.

ಪರೀಕ್ಷೆ ಸರಳ. ಆದರೆ ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕಬೇಕಾದರೆ ಡಿಸ್ಕ್ ನಿಜವಾಗಿ ಏನನ್ನು ಅಳೆಯುತ್ತಿದೆ ಎಂಬುದು ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಬದಲಾದ ಪೆನಿಸಿಲಿನ್ ಬೈಂಡಿಂಗ್ ಪ್ರೋಟೀನ್ ಎಂದರೆ ಏನು

ಬ್ಯಾಕ್ಟೀರಿಯಾದ ಕೋಶಭಿತ್ತಿ ಪೆಪ್ಟಿಡೊಗ್ಲೈಕಾನ್ ಎಂಬ ಹೆಣಿಗೆ. ಉದ್ದದ ಸಕ್ಕರೆ ಸರಪಳಿಗಳನ್ನು ಅಡ್ಡಡ್ಡ ಪೆಪ್ಟೈಡ್ ಕೊಂಡಿಗಳಿಂದ ಕಟ್ಟಿದರೆ ಮಾತ್ರ ಅದಕ್ಕೆ ಬಲ. ಈ ಕೊಂಡಿ ಕಟ್ಟುವ ಕಿಣ್ವಗಳೇ ಪೆನಿಸಿಲಿನ್ ಬೈಂಡಿಂಗ್ ಪ್ರೋಟೀನ್‌ಗಳು, ಚಿಕ್ಕದಾಗಿ ಪಿಬಿಪಿ. ಪೆನಿಸಿಲಿನ್ ಆಗಲಿ ಸೆಫಲೊಸ್ಪೊರಿನ್ ಆಗಲಿ, ಬೀಟಾ-ಲ್ಯಾಕ್ಟಮ್ ಅಣುವಿನ ಆಕಾರ ಪೆಪ್ಟೈಡ್ ಬಾಲದ ತುದಿಯನ್ನು ಹೋಲುತ್ತದೆ. ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ. ಕಿಣ್ವದೊಳಗಿನ ಸೆರೀನ್ ಜೊತೆ ಔಷಧಿ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ, ಬಿಡುವುದಿಲ್ಲ. ಕೊಂಡಿ ಕಟ್ಟುವ ಕೆಲಸ ನಿಂತು ಭಿತ್ತಿ ಸಡಿಲಾಗುತ್ತದೆ, ಕೋಶ ಒಡೆಯುತ್ತದೆ.

ಆರಿಯಸ್‌ಗೆ ಹುಟ್ಟಿನಿಂದ ಬಂದ ಪಿಬಿಪಿಗಳು ನಾಲ್ಕು. ಎಂಆರ್‌ಎಸ್‌ಎಯಲ್ಲಿ ಈ ನಾಲ್ಕೂ ಇದ್ದಂತೆಯೇ ಇರುತ್ತವೆ, ಔಷಧಿಗೆ ಸಿಕ್ಕಿಬೀಳುತ್ತಲೇ ಇರುತ್ತವೆ. 'ಬದಲಾದ' ಎಂಬ ಮಾತು ಕೇಳಿ ಹಳೆಯದೊಂದು ತಿದ್ದುಪಡಿಯಾಗಿದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಹೊರಗಿನಿಂದ ಬಂದ ಐದನೆಯದೊಂದು ಸೇರಿಕೊಂಡಿದೆ. ಅದು ಪಿಬಿಪಿ2ಎ. ಅದರ ಜೀನ್ ಮೆಕ್‌ಎ, ಎಸ್‌ಸಿಸಿಮೆಕ್ ಎಂಬ ಚಲಿಸುವ ಡಿಎನ್‌ಎ ತುಣುಕಿನ ಮೇಲೆ ಕೂತು ಬಂದು ಕ್ರೋಮೊಸೋಮಿಗೆ ಸೇರುತ್ತದೆ. ಪಿಬಿಪಿ2ಎಯ ಸೆರೀನ್ ಇರುವ ಜಾಗ ಮುಚ್ಚಿಕೊಂಡಂತಿದ್ದು, ಬೀಟಾ-ಲ್ಯಾಕ್ಟಮ್‌ಗಳು ಅಲ್ಲಿ ಬೆಸೆದುಕೊಳ್ಳುವುದು ತೀರಾ ನಿಧಾನ. ಮಿಕ್ಕ ನಾಲ್ಕೂ ಸ್ತಬ್ಧವಾದಾಗ ಕೊಂಡಿ ಕಟ್ಟುವ ಕೆಲಸವನ್ನು ಇದೊಂದೇ ಸಾಗಿಸುತ್ತದೆ. ಸಕ್ಕರೆ ಸರಪಳಿ ಉದ್ದ ಮಾಡುವ ಕೆಲಸ ಇದಕ್ಕೆ ಬರುವುದಿಲ್ಲ. ಅದನ್ನು ಹಳೆಯ ಪಿಬಿಪಿ2ರ ಇನ್ನೊಂದು ಭಾಗ ಮಾಡುತ್ತದೆ, ಆ ಭಾಗವನ್ನು ಬೀಟಾ-ಲ್ಯಾಕ್ಟಮ್ ಮುಟ್ಟುವುದಿಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಇಲ್ಲಿ ಔಷಧಿಯನ್ನು ಒಡೆಯುವ ಕಿಣ್ವದ ಪಾತ್ರವಿಲ್ಲ, ಆದ್ದರಿಂದ ಅಂಥ ಕಿಣ್ವವನ್ನು ತಡೆಯುವ ಕ್ಲ್ಯಾವುಲನೇಟ್ ಸೇರಿಸಿದರೂ ಪ್ರಯೋಜನವಿಲ್ಲ. ಎರಡನೆಯದು ದೋಷ ಹುಡುಕುವವರಿಗೆ ಮುಖ್ಯ: ಜೀನ್ ಇದ್ದ ಮಾತ್ರಕ್ಕೆ ಪ್ರೋಟೀನ್ ಇರಬೇಕೆಂದಿಲ್ಲ. ಮೆಕ್‌ಐ ಎಂಬ ತಡೆಪ್ರೋಟೀನ್ ಜೀನನ್ನು ಅದುಮಿಟ್ಟಿರುತ್ತದೆ. ಪೊರೆಯಲ್ಲಿರುವ ಮೆಕ್‌ಆರ್1 ಎಂಬ ಗ್ರಾಹಕಕ್ಕೆ ಬೀಟಾ-ಲ್ಯಾಕ್ಟಮ್ ತಗುಲಿದಾಗ ಮಾತ್ರ ಆ ತಡೆ ಸರಿಯುತ್ತದೆ. ಆಕ್ಸಾಸಿಲಿನ್ ಈ ಗ್ರಾಹಕವನ್ನು ಎಚ್ಚರಿಸುವುದರಲ್ಲಿ ದುರ್ಬಲ, ಸೆಫಾಕ್ಸಿಟಿನ್ ಬಲಶಾಲಿ. ನಮಗೆ ಬೇಕಾದ ಪ್ರೋಟೀನನ್ನು ತಾನೇ ಹೊರಡಿಸಿ ತೋರಿಸುವುದರಿಂದ ಸೆಫಾಕ್ಸಿಟಿನ್ ಈ ಪರೀಕ್ಷೆಗೆ ಬಂತು, ರೋಗಿಗೆ ಕೊಡುವ ಔಷಧಿಯಾಗಿ ಅಲ್ಲ.

ಇಷ್ಟಾದರೂ ಎಲ್ಲ ಕೋಶಗಳೂ ಒಂದೇ ಮಟ್ಟದಲ್ಲಿ ಪ್ರತಿರೋಧ ತೋರುವುದಿಲ್ಲ. ಅನೇಕ ತಳಿಗಳಲ್ಲಿ ಸಾವಿರಾರು ಕೋಶಗಳಲ್ಲಿ ಒಂದು, ಕೆಲವು ತಳಿಗಳಲ್ಲಿ ಕೋಟಿಯಲ್ಲಿ ಒಂದು ಮಾತ್ರ ಪೂರ್ಣ ಪ್ರತಿರೋಧ ತೋರುತ್ತದೆ. ಇದೇ ಹೆಟೆರೊರೆಸಿಸ್ಟೆನ್ಸ್. ಬಿಸಿ ಹೆಚ್ಚಿದಷ್ಟೂ ಈ ಪ್ರತಿರೋಧ ಅಡಗುತ್ತದೆ, ತುಸು ತಂಪಿನಲ್ಲಿ ಎದ್ದು ಕಾಣುತ್ತದೆ. ಪರೀಕ್ಷೆಯನ್ನು 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡಿ, 35 ದಾಟಬೇಡಿ ಎಂಬ ನಿಯಮ ಬಂದದ್ದು ಇದರಿಂದ. ದೇಹದ ಉಷ್ಣತೆ 37, ಆದ್ದರಿಂದ ಇನ್‌ಕ್ಯುಬೇಟರ್ ಕೂಡ 37ರಲ್ಲಿರಲಿ ಎಂಬ ಹಳೆಯ ರೂಢಿ ಇನ್ನೂ ಎಷ್ಟೋ ಲ್ಯಾಬುಗಳಲ್ಲಿದೆ. ಈ ಡಿಸ್ಕಿಗೆ ಆ ರೂಢಿ ಸಲ್ಲದು.

ಸರಿಯಾಗಿ ಮಾಡಿದರೆ ಹೀಗಿರುತ್ತದೆ

ರಾತ್ರಿಯಿಡೀ ಬೆಳೆದ ಬ್ಲಡ್ ಅಗಾರ್ ಪ್ಲೇಟಿನಿಂದ ಮೂರು-ನಾಲ್ಕು ಒಂದೇ ತೆರನ ಕಾಲೊನಿಗಳನ್ನು ಎತ್ತಿ, ನೇರವಾಗಿ ಸ್ಟೆರೈಲ್ ಸಲೈನ್‌ನಲ್ಲಿ 0.5 ಮ್ಯಾಕ್‌ಫರ್ಲ್ಯಾಂಡ್ ಮಂದತೆಗೆ ಕದಡಿ. ಹದಿನೈದು ನಿಮಿಷದೊಳಗೆ ಸ್ವಾಬ್ ಅದ್ದಿ, ಟ್ಯೂಬಿನ ಗೋಡೆಗೆ ಒತ್ತಿ ಹೆಚ್ಚಿನ ದ್ರವ ಹಿಂಡಿ, ಮುಲ್ಲರ್-ಹಿಂಟನ್ ಅಗಾರ್ ಮೇಲೆ ಪ್ರತಿಸಲ ಪ್ಲೇಟನ್ನು 60 ಡಿಗ್ರಿ ತಿರುಗಿಸುತ್ತ ಮೂರು ಬಾರಿ ಹರಡಿ. ಅಗಾರ್ ದಪ್ಪ 4 ಮಿಮೀ ಇರಬೇಕು. 90 ಮಿಮೀ ಪ್ಲೇಟಿಗೆ ಸುಮಾರು 25 ಮಿಲಿ ಬೇಕಾಗುತ್ತದೆ. ಈ ಪರೀಕ್ಷೆಗೆ ಅಗಾರಿಗೆ ಉಪ್ಪು ಸೇರಿಸುವುದಿಲ್ಲ. ಅದು ಆಕ್ಸಾಸಿಲಿನ್ ಸ್ಕ್ರೀನ್ ಅಗಾರಿನ ಪದ್ಧತಿ. ಡಿಸ್ಕ್ ಇಟ್ಟ ಹದಿನೈದು ನಿಮಿಷದೊಳಗೆ ಪ್ಲೇಟನ್ನು ತಲೆಕೆಳಗಾಗಿಸಿ ಇನ್‌ಕ್ಯುಬೇಟರಿಗೆ ಹಾಕಿ, 16ರಿಂದ 18 ಗಂಟೆಗಳ ನಂತರ ಕಪ್ಪು ಹಿನ್ನೆಲೆಯ ಮೇಲೆ ಹಿಡಿದು, ಮೇಲಿನಿಂದ ಬೀಳುವ ಬೆಳಕಿನಲ್ಲಿ ಅಳೆಯಿರಿ.

ಜೊತೆಗೆ ಎರಡು ಕಂಟ್ರೋಲ್ ತಳಿಗಳು. ಮೆಕ್‌ಎ ಇಲ್ಲದ ಎಟಿಸಿಸಿ 25923ರ ಝೋನ್ 23ರಿಂದ 29 ಮಿಮೀ ಒಳಗೆ ಬರಬೇಕು. ಮೆಕ್‌ಎ ಇರುವ ಎಟಿಸಿಸಿ 43300ರ ಝೋನ್ 21 ಅಥವಾ ಕಡಿಮೆ ಬರಬೇಕು. ಎಷ್ಟೋ ಕಡೆ 25923 ಒಂದನ್ನೇ ಹಾಕಿ ಕಂಟ್ರೋಲ್ ಆಯಿತೆಂದು ಬರೆದುಬಿಡುತ್ತಾರೆ. ಆ ಅರ್ಧ ಕಂಟ್ರೋಲ್ ಯಾವ ದೋಷವನ್ನು ಕಾಣುವುದೇ ಇಲ್ಲ ಎಂಬುದು ಮುಂದಿನ ಪ್ರಕರಣದಲ್ಲಿದೆ.

25923 ಸರಿ, 43300 ಮಾತ್ರ ದೊಡ್ಡದು

ಏಪ್ರಿಲ್ ತಿಂಗಳ ರಾಯಚೂರಿನಂಥ ಊರಿನ ಲ್ಯಾಬೊಂದನ್ನು ಊಹಿಸಿಕೊಳ್ಳಿ. ಬೆಳಗಿನ ಓದಿನಲ್ಲಿ 25923ರ ಝೋನ್ 26, ಗಡಿಯ ನಡುವೆ. 43300ರ ಝೋನ್ 24. ಕೀವಿನ ಮಾದರಿಯೊಂದರಿಂದ ಬಂದ ಆರಿಯಸ್‌ನ ಝೋನ್ 23, ಅಂಚು ಮಸುಕು. 25923 ಒಂದನ್ನೇ ನೋಡಿದವರು 'ಮೆಥಿಸಿಲಿನ್ ಸೆನ್ಸಿಟಿವ್' ಎಂದು ವರದಿ ಕಳಿಸಿ, ರೋಗಿಗೆ ಕ್ಲಾಕ್ಸಾಸಿಲಿನ್ ಶುರುವಾಗಿಬಿಡುತ್ತದೆ.

ಮೊದಲ ಕೆಲಸ, ಆ ದಿನದ ಯಾವ ಸ್ಟ್ಯಾಫ್ ವರದಿಯನ್ನೂ ಬಿಡದಿರುವುದು. ಆಮೇಲೆ ಯೋಚಿಸಿ: ಅಗಾರ್ ತೆಳುವಾಗಿದ್ದರೆ ಔಷಧಿ ಹೆಚ್ಚು ದೂರ ಹರಡಿ ಎರಡೂ ತಳಿಗಳ ಝೋನ್ ಹಿಗ್ಗಬೇಕಿತ್ತು. ಮಂದತೆ ಕಡಿಮೆ ಮಾಡುವ ಕೈ ಇದ್ದರೂ ಎರಡೂ ಹಿಗ್ಗಬೇಕಿತ್ತು. 25923 ತನ್ನ ಎಂದಿನ ಜಾಗದಲ್ಲೇ ಇದೆ, ಆದ್ದರಿಂದ ಅಗಾರ್ ಮತ್ತು ಡಿಸ್ಕ್ ಮೇಲಿನ ಅನುಮಾನ ಕಡಿಮೆಯಾಯಿತು. ಕೆಟ್ಟಿರುವುದು ಪಿಬಿಪಿ2ಎ ಇರುವ ತಳಿಗೆ ಮಾತ್ರ ತಾಗುವ ಯಾವುದೋ ಒಂದು. ಹಾಗೆ ತಾಗುವವು ಹೆಚ್ಚಿಲ್ಲ: ತಳಿ ಮೆಕ್‌ಎಯನ್ನು ಕಳೆದುಕೊಂಡಿರಬಹುದು ಅಥವಾ ಅದಲುಬದಲಾಗಿರಬಹುದು, 43300ರ ಟ್ಯೂಬಿನಲ್ಲಷ್ಟೇ ಕೋಶಗಳು ಕಡಿಮೆಯಾಗಿರಬಹುದು, ಹೊತ್ತಿಗೆ ಮುಂಚೆ ಓದಿರಬಹುದು, ಅಥವಾ ಬಿಸಿ ಹೆಚ್ಚಾಗಿರಬಹುದು.

ತಳಿಯನ್ನು ಮೊದಲು ಪರೀಕ್ಷಿಸಿ, ಅದು ಬೇಗ ಮುಗಿಯುತ್ತದೆ. 43300ರ ತಾಜಾ ಕಾಲೊನಿಯಿಂದ ಪಿಬಿಪಿ2ಎ ಲ್ಯಾಟೆಕ್ಸ್ ಪರೀಕ್ಷೆ ಮಾಡಿದರೆ ಪ್ರೋಟೀನ್ ಇದೆಯೋ ಇಲ್ಲವೋ ಅಂದೇ ಗೊತ್ತಾಗುತ್ತದೆ. ಲ್ಯಾಟೆಕ್ಸ್ ನೆಗೆಟಿವ್ ಬಂದರೆ ಫ್ರೀಜರಿನ ಸ್ಟಾಕ್‌ನಿಂದ ಹೊಸದಾಗಿ ತೆಗೆದು ಮತ್ತೆ ನೋಡಿ; ತಿಂಗಳುಗಟ್ಟಲೆ ಒಂದರಿಂದ ಒಂದಕ್ಕೆ ಸಬ್‌ಕಲ್ಚರ್ ಮಾಡುತ್ತ ಬಂದ ತಳಿ ಎಸ್‌ಸಿಸಿಮೆಕ್ ಕಳಚಿಕೊಂಡಿರುವ ಸಾಧ್ಯತೆ ಇದೆ. ನಮ್ಮ ಪ್ರಕರಣದಲ್ಲಿ ಲ್ಯಾಟೆಕ್ಸ್ ಸ್ಪಷ್ಟವಾಗಿ ಗಡ್ಡೆಗಟ್ಟಿತು ಎಂದಿಟ್ಟುಕೊಳ್ಳಿ. ತಳಿ ಸರಿ ಇದೆ.

ಮುಂದೆ ಮಂದತೆ. 0.5 ಮ್ಯಾಕ್‌ಫರ್ಲ್ಯಾಂಡ್ ಮಾನಕವನ್ನು ಲ್ಯಾಬಿನಲ್ಲೇ ಮಾಡಿಕೊಂಡಿದ್ದರೆ, 1.175 ಶೇಕಡಾ ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣ 0.5 ಮಿಲಿಯನ್ನು 1 ಶೇಕಡಾ ಸಲ್ಫ್ಯೂರಿಕ್ ಆಮ್ಲ 99.5 ಮಿಲಿಗೆ ಸೇರಿಸಿದ ಮಿಶ್ರಣ ಅದು. 625 ನ್ಯಾನೊಮೀಟರಿನಲ್ಲಿ ಅದರ ಓದು 0.08ರಿಂದ 0.13 ಇರಬೇಕು. ಹಳೆಯ ಟ್ಯೂಬಿನಲ್ಲಿ ಬೇರಿಯಂ ಸಲ್ಫೇಟ್ ಗಂಟಾಗಿದ್ದರೆ ಅದನ್ನು ಎಸೆಯಬೇಕು, ಅಲುಗಾಡಿಸಿ ಮುಂದುವರಿಯಬಾರದು. ಲಾನ್ ಕೂಡ ನೋಡಿ: ಬೆಳವಣಿಗೆ ಚಾಪೆ ಹಾಸಿದಂತೆ ಒಂದೇ ಸಮ ಇರಬೇಕು, ಬಿಡಿಬಿಡಿ ಕಾಲೊನಿಗಳು ಕಂಡರೆ ಕೋಶಗಳು ಕಡಿಮೆಯಾಗಿವೆ. ಕೋಟಿಯಲ್ಲಿ ಒಂದು ಕೋಶ ಪ್ರತಿರೋಧ ತೋರುವ ತಳಿಯಲ್ಲಿ ಕೋಶಗಳೇ ಕಡಿಮೆಯಾದರೆ, ತೋರಬೇಕಾದ ಆ ಒಂದು ಪ್ಲೇಟಿಗೆ ಬರುವುದೇ ಇಲ್ಲ.

ಕೊನೆಗೆ ಉಷ್ಣತೆ. ಬಾಗಿಲ ಮೇಲಿನ ಅಂಕಿ ಸೆನ್ಸರ್ ಇರುವ ಜಾಗದ ಉಷ್ಣತೆಯಷ್ಟೇ, ಪ್ಲೇಟ್ ಇರುವ ಜಾಗದ್ದಲ್ಲ. ಗ್ಲಿಸರಾಲ್ ತುಂಬಿದ ಟ್ಯೂಬಿನಲ್ಲಿ ಥರ್ಮಾಮೀಟರ್ ಮುಳುಗಿಸಿ, ಪ್ಲೇಟುಗಳಿರುವ ಕಪಾಟಿನಲ್ಲೇ ಇಡಿ. ಕನಿಷ್ಠ-ಗರಿಷ್ಠ ದಾಖಲಿಸುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಸಂಜೆ, ಬೆಳಗ್ಗೆ ಎರಡೂ ಹೊತ್ತು ಓದಿ. ಈ ಪ್ರಕರಣದಲ್ಲಿ ಸೆಟ್ಟಿಂಗ್ 35, ಮೇಲಿನ ಕಪಾಟಿನ ಗರಿಷ್ಠ 38.5. ಕಾರಣ ಯಂತ್ರ ಕೆಟ್ಟಿದ್ದಲ್ಲ. ಸಾಮಾನ್ಯ ಇನ್‌ಕ್ಯುಬೇಟರಿನಲ್ಲಿ ಇರುವುದು ಹೀಟರ್ ಮಾತ್ರ; ಅದು ಕೋಣೆಗಿಂತ ಹೆಚ್ಚು ಬಿಸಿ ಮಾಡಬಲ್ಲದು, ಕೋಣೆಗಿಂತ ತಂಪು ಮಾಡಲಾರದು. ಎಸಿ ಇಲ್ಲದ ಕೋಣೆ ಸಂಜೆ ಏಳರವರೆಗೂ 38 ಡಿಗ್ರಿ ಇದ್ದರೆ ಒಳಗೂ ಅಷ್ಟೇ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಇದು ವಿಶೇಷವೇನಲ್ಲ. ಮಡಿಕೇರಿಯಲ್ಲಿ ಈ ತೊಂದರೆಯೇ ಬಾರದು.

ಅನುಮಾನ ಖಚಿತಪಡಿಸಲು ಒಂದೇ ಟ್ಯೂಬಿನ ಸಸ್ಪೆನ್ಷನ್‌ನಿಂದ, ಒಂದೇ ಬ್ಯಾಚಿನ ಅಗಾರ್ ಮತ್ತು ಒಂದೇ ಕಾರ್ಟ್ರಿಜ್ ಡಿಸ್ಕ್ ಬಳಸಿ ಎರಡು ಪ್ಲೇಟ್ ಹಾಕಿ. ಒಂದನ್ನು ಅನುಮಾನದ ಇನ್‌ಕ್ಯುಬೇಟರಿನಲ್ಲಿ, ಇನ್ನೊಂದನ್ನು 34-35ರಲ್ಲಿ ನಿಲ್ಲುವ ಬಿಒಡಿ ಇನ್‌ಕ್ಯುಬೇಟರಿನಲ್ಲಿ ಇಡಿ. ಬಿಒಡಿಗೆ ತಂಪು ಮಾಡುವ ಕಂಪ್ರೆಸರ್ ಇರುವುದರಿಂದ ಬೇಸಿಗೆಯಲ್ಲಿ ಅದೇ ನಂಬಿಕಸ್ಥ. ಮೊದಲನೆಯದರಲ್ಲಿ 43300 ಮತ್ತೆ 24 ಬಂದು ಎರಡನೆಯದರಲ್ಲಿ 18 ಬಂದರೆ, ರೋಗಿಯ ತಳಿ 23ರಿಂದ 15ಕ್ಕೆ ಇಳಿದರೆ, 25923 ಎರಡರಲ್ಲೂ 26ರ ಆಸುಪಾಸಿನಲ್ಲೇ ಉಳಿದರೆ, ತೀರ್ಮಾನಕ್ಕೆ ಮತ್ತೇನೂ ಬೇಡ. ರೋಗಿಯ ವರದಿ ಎಂಆರ್‌ಎಸ್‌ಎ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. 43300 ಕೊನೆಯ ಬಾರಿ ಸರಿ ಬಂದ ದಿನದಿಂದ ಇಲ್ಲಿಯವರೆಗೆ ಸೆನ್ಸಿಟಿವ್ ಎಂದು ಹೋದ ಆರಿಯಸ್ ವರದಿಗಳನ್ನು ಹೊರತೆಗೆಯಿರಿ, ಅದರಲ್ಲೂ 22ರಿಂದ 25 ಮಿಮೀ ಇದ್ದವನ್ನು. ತಳಿ ಉಳಿದಿದ್ದರೆ ಮತ್ತೆ ಪರೀಕ್ಷಿಸಿ, ಬದಲಾದ ಫಲಿತಾಂಶವನ್ನು ವೈದ್ಯರಿಗೆ ಫೋನಿನಲ್ಲೇ ತಿಳಿಸಿ. ವಾರಕ್ಕೊಮ್ಮೆ ಕಂಟ್ರೋಲ್ ಹಾಕುವ ಲ್ಯಾಬಿಗೆ ಇಲ್ಲೊಂದು ಬಲೆ ಇದೆ: ಕಂಟ್ರೋಲ್ ದಿನ ಮಳೆ ಬಂದು ತಂಪಾಗಿದ್ದರೆ ಅಂಕಿಗಳು ಸರಿ ಬರುತ್ತವೆ, ಮಿಕ್ಕ ಆರು ದಿನ ತಪ್ಪುತ್ತಲೇ ಇರುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ 43300ನ್ನು ರೋಗಿಗಳ ಪ್ಲೇಟುಗಳ ಜೊತೆ ಪ್ರತಿದಿನ ಹಾಕುವುದು ಒಂದು ಡಿಸ್ಕಿನ ಖರ್ಚಷ್ಟೇ. ಪ್ಲೇಟುಗಳನ್ನು ಐದಕ್ಕಿಂತ ಎತ್ತರಕ್ಕೆ ಪೇರಿಸಬೇಡಿ, ನಡುವಿನವು ಹೊತ್ತಿಗೆ ಸರಿಯಾದ ಉಷ್ಣತೆಗೆ ಬರುವುದಿಲ್ಲ.

43300 ಸರಿ, 25923 ಚಿಕ್ಕದು

ಇದು ತಿರುಗಿದ ದೋಷ, ಇಲ್ಲಿ ಸೆನ್ಸಿಟಿವ್ ತಳಿ ಎಂಆರ್‌ಎಸ್‌ಎ ಎನಿಸಿಕೊಳ್ಳುತ್ತದೆ. 25923ರ ಝೋನ್ 20 ಬಂದಿದೆ, 43300 16ರಲ್ಲಿದೆ ಎನ್ನಿ. 43300 ಹೇಗೂ 21ಕ್ಕಿಂತ ಕೆಳಗೇ ಇರಬೇಕಾದದ್ದು, ಆದ್ದರಿಂದ ಡಿಸ್ಕ್ ಪೂರ್ತಿ ಸತ್ತಿದ್ದರೂ ಅದು ದೂರು ಹೇಳುವುದಿಲ್ಲ. ಹೇಳುವುದು 25923 ಮಾತ್ರ.

ಅದೇ ಪ್ಲೇಟಿನ ಬೇರೆ ಡಿಸ್ಕುಗಳನ್ನು ನೋಡಿದರೆ ಕಾರಣ ಅರ್ಧ ಸಿಕ್ಕಂತೆ. ಎರಿಥ್ರೊಮೈಸಿನ್, ಕ್ಲಿಂಡಮೈಸಿನ್ ಝೋನ್‌ಗಳೂ ತಮ್ಮ ಗಡಿಗಿಂತ ಕುಗ್ಗಿದ್ದರೆ ಅಗಾರ್ ದಪ್ಪ ಅಥವಾ ಸಸ್ಪೆನ್ಷನ್ ಗಟ್ಟಿ. ಅಗಾರನ್ನು ಒಂದು ತುಂಡು ಕತ್ತರಿಸಿ ಸ್ಕೇಲಿಟ್ಟು ಅಳೆದರೆ ಗೊತ್ತಾಗುತ್ತದೆ. ಸಮತಟ್ಟಿಲ್ಲದ ಮೇಜಿನ ಮೇಲೆ ಸುರಿದ ಪ್ಲೇಟಿನಲ್ಲಿ ಒಂದು ಕಡೆ 3, ಇನ್ನೊಂದು ಕಡೆ 5 ಮಿಮೀ ಇರುವುದೂ ಉಂಟು. ಸೆಫಾಕ್ಸಿಟಿನ್ ಒಂದೇ ಕುಗ್ಗಿದ್ದರೆ ಡಿಸ್ಕ್ ಶಕ್ತಿ ಕಳೆದುಕೊಂಡಿದೆ. ಬೀಟಾ-ಲ್ಯಾಕ್ಟಮ್‌ಗಳಿಗೆ ತೇವ ಆಗದು. ಫ್ರಿಜ್‌ನಿಂದ ತೆಗೆದ ಕಾರ್ಟ್ರಿಜನ್ನು ತಣ್ಣಗಿರುವಾಗಲೇ ತೆರೆದರೆ ಗಾಳಿಯ ನೀರು ಡಿಸ್ಕುಗಳ ಮೇಲೆ ಕೂರುತ್ತದೆ, ಮಂಗಳೂರು-ಉಡುಪಿಯ ಮಳೆಗಾಲದಲ್ಲಂತೂ ಬೇಗ. ಮುಚ್ಚಿದ ಡಬ್ಬಿಯನ್ನೇ ಒಂದೆರಡು ಗಂಟೆ ಹೊರಗಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಬಳಕೆಯ ಕಾರ್ಟ್ರಿಜ್ 2ರಿಂದ 8 ಡಿಗ್ರಿಯಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ, ಉಳಿದ ಸ್ಟಾಕ್ ಮೈನಸ್ 20ರಲ್ಲಿರಲಿ. ಹೊಸ ಕಾರ್ಟ್ರಿಜ್‌ನಿಂದ 25923 ಮತ್ತೆ 23-29ರೊಳಗೆ ಬಂದರೆ ಹಳೆಯದನ್ನು ಎಸೆಯಿರಿ, ಅವಧಿ ಮುಗಿಯಲು ತಿಂಗಳುಗಳಿದ್ದರೂ.

ಎರಡೂ ಕಂಟ್ರೋಲ್ ಸರಿ, ಆದರೂ ರೋಗಿಯ ತಳಿ ಒಗಟು

ಝೋನ್ 22ರಿಂದ 24ರ ನಡುವೆ ಬಂದಾಗ ಮೊದಲು ಕೇಳಬೇಕಾದದ್ದು ಇದು ನಿಜಕ್ಕೂ ಆರಿಯಸ್ ಹೌದೇ ಎಂದು. ಸ್ಟ್ಯಾಫ್ ಎಪಿಡರ್ಮಿಡಿಸ್ ಮುಂತಾದ ಕೋಯಾಗುಲೇಸ್ ನೆಗೆಟಿವ್ ತಳಿಗಳಿಗೆ ಸಿಎಲ್‌ಎಸ್‌ಐ ಗಡಿ ಬೇರೆ: 24 ಅಥವಾ ಕಡಿಮೆ ಇದ್ದರೆ ರೆಸಿಸ್ಟೆಂಟ್, ಓದುವುದೂ 24 ಗಂಟೆಗೆ. ಅದೇ 23 ಮಿಮೀ ಆರಿಯಸ್‌ನಲ್ಲಿ ಸೆನ್ಸಿಟಿವ್, ಎಪಿಡರ್ಮಿಡಿಸ್‌ನಲ್ಲಿ ರೆಸಿಸ್ಟೆಂಟ್. ಸ್ಲೈಡ್ ಕೋಯಾಗುಲೇಸ್ ಒಂದನ್ನೇ ನಂಬದೆ ಟ್ಯೂಬ್ ಕೋಯಾಗುಲೇಸನ್ನು 4 ಗಂಟೆಗೆ, ನೆಗೆಟಿವ್ ಇದ್ದರೆ 24 ಗಂಟೆಗೆ ಓದಿ. ನಾಯಿ ಕಚ್ಚಿದ ಗಾಯದಿಂದ ಬಂದ ತಳಿಯಾದರೆ ಇನ್ನೂ ಎಚ್ಚರ ಬೇಕು: ಸ್ಟ್ಯಾಫ್ ಸ್ಯೂಡಿಂಟರ್‌ಮೀಡಿಯಸ್ ಟ್ಯೂಬ್ ಕೋಯಾಗುಲೇಸ್ ಪಾಸಿಟಿವ್ ಆಗಿದ್ದು ಆರಿಯಸ್‌ನಂತೆ ಕಾಣುತ್ತದೆ, ಮೆಕ್‌ಎ ಇದ್ದರೂ ಸೆಫಾಕ್ಸಿಟಿನ್ ಡಿಸ್ಕಿಗೆ ಸಿಕ್ಕದೆ ನುಣುಚಿಕೊಳ್ಳುತ್ತದೆ. ಅದಕ್ಕೆ ಆಕ್ಸಾಸಿಲಿನ್ ಡಿಸ್ಕೇ ಬೇಕು.

ಸ್ವಚ್ಛ ಝೋನಿನೊಳಗೆ ನಾಲ್ಕಾರು ಸಣ್ಣ ಕಾಲೊನಿಗಳು ಕೂತಿದ್ದರೆ ಅವನ್ನು ಕಣ್ಣು ತಪ್ಪಿಸಿ ಹೊರಗಿನ ಅಂಚನ್ನು ಅಳೆಯಬೇಡಿ. ಅವು ಕಲಬೆರಕೆ ಇರಬಹುದು, ಹೆಟೆರೊರೆಸಿಸ್ಟೆಂಟ್ ಕೋಶಗಳೂ ಇರಬಹುದು. ಒಂದನ್ನು ಎತ್ತಿ ಬ್ಲಡ್ ಅಗಾರಿನಲ್ಲಿ ಬಿಡಿಸಿ ಬೆಳೆಸಿ, ಗ್ರಾಂ, ಕೋಯಾಗುಲೇಸ್ ನೋಡಿ, ಆರಿಯಸ್ ಆದರೆ ಅದಕ್ಕೇ ಮತ್ತೆ ಡಿಸ್ಕ್ ಹಾಕಿ. ಇಂಥ ತಳಿಗೆ ಲ್ಯಾಟೆಕ್ಸ್ ಮಾಡುವಾಗ ಸೆಫಾಕ್ಸಿಟಿನ್ ಝೋನಿನ ಅಂಚಿನಿಂದ ಬೆಳವಣಿಗೆ ತೆಗೆದುಕೊಳ್ಳಿ. ಅಲ್ಲಿನ ಕೋಶಗಳು ಔಷಧಿಯ ಸ್ಪರ್ಶದಿಂದ ಪಿಬಿಪಿ2ಎ ತಯಾರಿಸಿಟ್ಟಿರುತ್ತವೆ, ದೂರದ ಕಾಲೊನಿಯಲ್ಲಿ ಅದು ಲ್ಯಾಟೆಕ್ಸಿಗೆ ಸಾಲದಷ್ಟೇ ಇರಬಹುದು.

ಝೋನ್ 21ಕ್ಕಿಂತ ಕಡಿಮೆ, ಆದರೆ ಲ್ಯಾಟೆಕ್ಸ್ ನೆಗೆಟಿವ್, ಮೆಕ್‌ಎ ಪಿಸಿಆರ್ ಕೂಡ ನೆಗೆಟಿವ್ ಎಂದಾಗ ಡಿಸ್ಕನ್ನು ತಪ್ಪೆನ್ನಬೇಡಿ. 2011ರಲ್ಲಿ ಇಂಗ್ಲೆಂಡಿನ ಹಸುಗಳ ಹಾಲಿನಿಂದ ಬಂದ ತಳಿಗಳ ಮೂಲಕ ಬೆಳಕಿಗೆ ಬಂದ ಮೆಕ್‌ಸಿ ಎಂಬ ಸೋದರ ಜೀನ್ ಇದೆ. ಅದರ ಪ್ರೋಟೀನ್ ಸಾಕಷ್ಟು ಬೇರೆಯಾದ್ದರಿಂದ ಮೆಕ್‌ಎಗೆಂದು ಮಾಡಿದ ಪರೀಕ್ಷೆಗಳು ಅದನ್ನು ಗುರುತಿಸದೆ ಹೋಗುತ್ತವೆ. ಆಕ್ಸಾಸಿಲಿನ್‌ಗೆ ಸೆನ್ಸಿಟಿವ್ ಎಂದು ತೋರಿದರೂ ಸೆಫಾಕ್ಸಿಟಿನ್‌ಗೆ ಅದು ಸಿಕ್ಕಿಬೀಳುತ್ತದೆ. ಡಿಸ್ಕ್ ಹೇಳಿದಂತೆ ಎಂಆರ್‌ಎಸ್‌ಎ ಎಂದೇ ವರದಿ ಕೊಡಿ, ತಳಿಯನ್ನು ಉನ್ನತ ಲ್ಯಾಬಿಗೆ ಕಳಿಸಿ.

ಇದರ ಎದುರು ಬದಿಯೂ ಇದೆ: ಸೆಫಾಕ್ಸಿಟಿನ್ ಝೋನ್ 26, ಆದರೆ ಆಕ್ಸಾಸಿಲಿನ್ ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ, ಮಿಲಿಗೆ 4 ಮೈಕ್ರೊಗ್ರಾಂ. ಮೆಕ್‌ಎ ಇಲ್ಲದೆ, ಪೆನಿಸಿಲಿನೇಸ್ ಅತಿಯಾಗಿ ಸುರಿಸುವ ತಳಿಗಳು ಹೀಗೆ ಮಾಡುತ್ತವೆ. ಸೆಫಾಕ್ಸಿಟಿನ್ ಆ ಕಿಣ್ವಕ್ಕೆ ಸುಲಭವಾಗಿ ಒಡೆಯುವುದಿಲ್ಲ, ಆಕ್ಸಾಸಿಲಿನ್ ತುಸು ಒಡೆಯುತ್ತದೆ. ಎರಡರಲ್ಲಿ ಒಂದು ರೆಸಿಸ್ಟೆಂಟ್ ಇದ್ದರೂ ಆಕ್ಸಾಸಿಲಿನ್ ರೆಸಿಸ್ಟೆಂಟ್ ಎಂದೇ ಬರೆಯಬೇಕು.

ವರದಿಯಲ್ಲಿ ಬರೆಯುವುದು

'ಸೆಫಾಕ್ಸಿಟಿನ್: ಸೆನ್ಸಿಟಿವ್' ಎಂದು ಅಚ್ಚು ಹಾಕಿದರೆ ವಾರ್ಡಿನಲ್ಲಿ ಯಾರಾದರೂ ಸೆಫಾಕ್ಸಿಟಿನ್ ಇಂಜೆಕ್ಷನ್ ಬರೆದಾರು. ಅಳೆದದ್ದು ಸೆಫಾಕ್ಸಿಟಿನ್ ಆದರೂ ವರದಿಯ ಸಾಲು ಆಕ್ಸಾಸಿಲಿನ್ ಅಥವಾ ಮೆಥಿಸಿಲಿನ್ ಹೆಸರಿನಲ್ಲಿರಲಿ. ಎಂಆರ್‌ಎಸ್‌ಎ ಎಂದಾದರೆ ಅಮಾಕ್ಸಿಸಿಲಿನ್-ಕ್ಲ್ಯಾವುಲನೇಟ್, ಸೆಫ್ಟ್ರಿಯಾಕ್ಸೋನ್, ಪೈಪರಾಸಿಲಿನ್-ಟ್ಯಾಜೊಬ್ಯಾಕ್ಟಮ್, ಮೆರೊಪೆನಮ್ ಎಲ್ಲವೂ ರೆಸಿಸ್ಟೆಂಟ್. ಪ್ಲೇಟಿನಲ್ಲಿ ಅವುಗಳ ಝೋನ್ ಎಷ್ಟು ದೊಡ್ಡದಿದ್ದರೂ ಅಷ್ಟೇ, ಏಕೆಂದರೆ ಅವೆಲ್ಲವೂ ಪಿಬಿಪಿ2ಎಯ ಎದುರು ಸೋಲುತ್ತವೆ. ಆ ಡಿಸ್ಕುಗಳನ್ನು ಸ್ಟ್ಯಾಫ್ ಪ್ಲೇಟಿನಲ್ಲಿ ಇಡದಿರುವುದೇ ಲೇಸು. ಹೊರತಾದವು ಸೆಫ್ಟರೊಲಿನ್, ಸೆಫ್ಟೊಬಿಪ್ರೋಲ್. ಸೆಫ್ಟರೊಲಿನ್ ಪಿಬಿಪಿ2ಎಯ ಬೇರೊಂದು ಜಾಗಕ್ಕೆ ಮೊದಲು ಅಂಟಿ ಮುಚ್ಚಿದ್ದ ಸೆರೀನ್ ಜಾಗವನ್ನು ತೆರೆಸಿಕೊಂಡು ಒಳನುಗ್ಗುತ್ತದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ಇನ್ನು ವ್ಯಾಂಕೊಮೈಸಿನ್ ಡಿಸ್ಕ್ ಇಟ್ಟು 'ಸೆನ್ಸಿಟಿವ್' ಬರೆಯುವ ಅಭ್ಯಾಸ ಕೆಲವೆಡೆ ಉಳಿದಿದೆ. ಆರಿಯಸ್‌ಗೆ ಆ ಡಿಸ್ಕ್ ನಂಬಲರ್ಹವಲ್ಲ, ಬ್ರಾತ್ ಮೈಕ್ರೊಡೈಲ್ಯೂಷನ್ ಅಥವಾ ಬೇರೆ ಎಂಐಸಿ ವಿಧಾನದಲ್ಲೇ ನೋಡಬೇಕು.